ವಾರ್ಷಿಕ ವರದಿಯ ಟಿಪ್ಪಣಿಗಳನ್ನು ಬೆಳೆಗಾರ ಷೇರುದಾರರಿಗೆ ತಿಳಿಯುವಂತೆ ಬರೆಯುವುದು ಹೇಗೆ?

ಚಿಕ್ಕಮಗಳೂರು ಸುತ್ತಲಿನ ಕಾಫಿ ಬೆಳೆಗಾರರು ಷೇರುದಾರರಾಗಿರುವ ಉತ್ಪಾದಕರ ಕಂಪನಿಗಳ ಮಹಾಸಭೆಗೆ ಮುನ್ನ, ವಾರ್ಷಿಕ ಲೆಕ್ಕಪತ್ರದ ಟಿಪ್ಪಣಿಗಳನ್ನು ಕನ್ನಡದಲ್ಲಿ ಸರಳವಾಗಿ ಬರೆದುಕೊಡುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬರುತ್ತಿದೆ. ಇಂಥ ಒಂದು ಸಭೆಯಲ್ಲಿ, ಬೇರೆಯವರು ಸಿದ್ಧಪಡಿಸಿದ್ದ ಕನ್ನಡ ಪ್ರತಿಯಲ್ಲಿ ‘ಪ್ರಾವಿಷನ್’ ಎಂಬುದು ‘ಅವಕಾಶ’ವಾಗಿತ್ತು. ಹಿರಿಯ ಬೆಳೆಗಾರರೊಬ್ಬರು ಎದ್ದುನಿಂತು, ‘ಎರಡು ಲಕ್ಷದ ಅವಕಾಶ ಅಂತ ಬರೆದಿದ್ದೀರಲ್ಲ, ಯಾರಿಗೆ ಸ್ವಾಮಿ ಆ ಅವಕಾಶ?’ ಎಂದು ಕೇಳಿದರು. ವೇದಿಕೆಯಲ್ಲಿದ್ದವರಿಗೆ ಉತ್ತರ ಹೊಳೆಯಲಿಲ್ಲ. ಅದನ್ನು ‘ಕೊಡಬೇಕಾಗುವುದೆಂದು ಲಾಭದಿಂದ ಈಗಲೇ ತೆಗೆದಿಟ್ಟ ಮೊತ್ತ’ ಎಂದು ಬರೆದಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ.

ಮೊದಲ ಹೆಜ್ಜೆ ಸುಲಭದ್ದು. ಪರಿಶೋಧಿತ ಲೆಕ್ಕಪತ್ರದಲ್ಲಿ ಟಿಪ್ಪಣಿಗಳಿಗೆ ಯಾವ ಸಂಖ್ಯೆ ಇದೆಯೋ ಅದನ್ನೇ ಉಳಿಸಿಕೊಳ್ಳಿ. ಸರಳ ಪ್ರತಿಯು ಮೂಲದ ಜೊತೆಗಿಡುವ ವಿವರಣೆಯೇ ಹೊರತು ಅದಕ್ಕೆ ಬದಲಿಯಲ್ಲ ಎಂಬುದನ್ನು ಮೊದಲ ಪುಟದಲ್ಲೇ ತಿಳಿಸಿ.

ಎರಡನೆಯದು ಲೆಕ್ಕದ ನೀತಿಗಳು. ಇಲ್ಲಿ ಎಡವುವುದು ಹೆಚ್ಚಾಗಿ ದಾಸ್ತಾನಿನ ವಿಷಯದಲ್ಲಿ. ದಾಸ್ತಾನನ್ನು ಅದರ ವೆಚ್ಚ, ಅಥವಾ ಮಾರಾಟದ ಖರ್ಚು ಕಳೆದು ಕೈಗೆ ಬರಬಹುದಾದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕೆಂಬುದು ನಿಯಮ. ಸರಳಗೊಳಿಸುವ ಆತುರದಲ್ಲಿ ಇದನ್ನು ‘ದಾಸ್ತಾನನ್ನು ಮಾರುಕಟ್ಟೆ ಬೆಲೆಗೆ ಹಿಡಿಯಲಾಗಿದೆ’ ಎಂದು ಬರೆದುಬಿಡುತ್ತಾರೆ. ವಾಕ್ಯ ಚಿಕ್ಕದಾಯಿತು, ಅರ್ಥ ಕೆಟ್ಟಿತು. ಉದಾಹರಣೆಗೆ, ಗೋದಾಮಿನಲ್ಲಿರುವ ಅರೇಬಿಕಾ ಪಾರ್ಚ್‌ಮೆಂಟ್‌ಗೆ ಮೂಟೆಗೆ 20,000 ರೂಪಾಯಿ ವೆಚ್ಚ ಬಿದ್ದಿದ್ದು, ಮಾರಿದರೆ ಖರ್ಚು ಕಳೆದು 22,000 ಸಿಗುವಂತಿದ್ದರೆ, ಪುಸ್ತಕದಲ್ಲಿ ಇರಬೇಕಾದದ್ದು 20,000. ಅದೇ ಗೋದಾಮಿನ ರೊಬಸ್ಟಾ ಚೆರಿಗೆ 9,600 ವೆಚ್ಚವಾಗಿ 8,800 ಮಾತ್ರ ಸಿಗುವಂತಿದ್ದರೆ, ಅಲ್ಲಿ ಇರಬೇಕಾದದ್ದು 8,800. ಅರೇಬಿಕಾದಲ್ಲಿ ಬರಲಿರುವ ಲಾಭವನ್ನು ರೊಬಸ್ಟಾದ ಇಳಿಕೆಗೆ ವಜಾ ಹಾಕುವಂತಿಲ್ಲ. ಆದ್ದರಿಂದ ನಾನು ಬರೆಯುವುದು ಹೀಗೆ: ‘ಪ್ರತಿ ಬಗೆಯ ಕಾಫಿಯನ್ನೂ ಬೇರೆಬೇರೆಯಾಗಿ ನೋಡಿ, ನಮಗೆ ಬಿದ್ದ ವೆಚ್ಚ ಮತ್ತು ಮಾರಿದರೆ ಖರ್ಚು ಕಳೆದು ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಹಿಡಿದಿದ್ದೇವೆ.’ ವಾಕ್ಯ ಉದ್ದವಾಯಿತೆಂದು ಅದನ್ನು ಮೊಟಕುಗೊಳಿಸಬೇಡಿ.

ಕೈ ನಡುಗಬೇಕಾದದ್ದು ಮೂರನೆಯ ಹೆಜ್ಜೆಯಲ್ಲಿ, ಅಂದರೆ ಸಂಭಾವ್ಯ ಹೊಣೆಗಾರಿಕೆಯ ಟಿಪ್ಪಣಿಯಲ್ಲಿ. ಇದು ಸಾಲವಲ್ಲ, ಹಾಗೆಂದು ಏನೂ ಅಲ್ಲವೆಂದೂ ಅಲ್ಲ. ಹಿಂದೆ ನಡೆದ ವ್ಯವಹಾರದಿಂದಾಗಿ ಹಣ ಕೊಡಬೇಕಾಗಿ ಬರುವ ಸಂಭವವೇ ಹೆಚ್ಚಾಗಿದ್ದು, ಮೊತ್ತವನ್ನೂ ನಂಬಿಕೆಗೆ ಅರ್ಹವಾಗಿ ಅಂದಾಜಿಸಬಹುದಾದರೆ ಅದನ್ನು ಲಾಭದಿಂದ ತೆಗೆದಿಡಬೇಕು. ಕೊಡಬೇಕಾಗಿ ಬರಬಹುದು, ಆದರೆ ಬಾರದಿರುವ ಸಂಭವವೇ ಹೆಚ್ಚು ಎನ್ನುವಂತಿದ್ದರೆ ಲಾಭವನ್ನು ಮುಟ್ಟದೆ ಟಿಪ್ಪಣಿಯಲ್ಲಿ ತಿಳಿಸಬೇಕು. ಸಂಭವ ತೀರಾ ಕ್ಷೀಣವಾಗಿದ್ದರೆ ತಿಳಿಸುವ ಅಗತ್ಯವಿಲ್ಲ. ಈ ಮೂರನ್ನೂ ‘ಬರಬಹುದು’ ಎಂಬ ಒಂದೇ ಕ್ರಿಯಾಪದದಲ್ಲಿ ಮುಗಿಸಿದರೆ ಟಿಪ್ಪಣಿಯೇ ಸುಳ್ಳಾಗುತ್ತದೆ.

ಒಂದು ಕಲ್ಪಿತ ಪ್ರಕರಣವನ್ನು ಬಿಡಿಸಿ ನೋಡೋಣ. ಕಾಫಿ ಪುಡಿಯನ್ನೂ ಮಾರುವ ಕಂಪನಿಯೊಂದಕ್ಕೆ, ಇನ್‌ಪುಟ್ ತೆರಿಗೆ ಕ್ರೆಡಿಟ್ ತಪ್ಪಾಗಿ ಪಡೆದಿದ್ದೀರೆಂದು 12 ಲಕ್ಷ ರೂಪಾಯಿ ಜಿಎಸ್‌ಟಿ ಕೇಳಿ ಡಿಸೆಂಬರ್‌ನಲ್ಲಿ ಆದೇಶ ಬಂದಿದೆ. ಅದರಲ್ಲಿ 2 ಲಕ್ಷದ ಮಟ್ಟಿಗೆ ತಪ್ಪಾಗಿರುವುದನ್ನು ಕಂಪನಿ ಒಪ್ಪಿಕೊಂಡು ಕಟ್ಟಿ, ಖರ್ಚಿಗೆ ಹಾಕಿದೆ. ಉಳಿದ 10 ಲಕ್ಷದ ವಿರುದ್ಧ ಫೆಬ್ರವರಿಯಲ್ಲಿ ಮೊದಲ ಮೇಲ್ಮನವಿ ಸಲ್ಲಿಸಿದೆ. ಇಂಥ ಮೇಲ್ಮನವಿಗೆ ವಿವಾದಿತ ತೆರಿಗೆಯ ಶೇ 10ರಷ್ಟನ್ನು ಮುಂಗಡ ಠೇವಣಿ ಕಟ್ಟಬೇಕಾದ್ದರಿಂದ 1 ಲಕ್ಷ ಸಂದಾಯವಾಗಿದೆ. ತನ್ನ ವಾದ ನಿಲ್ಲುವ ಸಂಭವವೇ ಹೆಚ್ಚೆಂದು ಕಂಪನಿ ತೀರ್ಮಾನಿಸಿರುವುದರಿಂದ, ಮಾರ್ಚ್ 31ಕ್ಕೆ 10 ಲಕ್ಷ ಟಿಪ್ಪಣಿಯಲ್ಲಿದೆ, ಲಾಭ-ನಷ್ಟ ತಖ್ತೆಯಲ್ಲಿಲ್ಲ.

ಇದನ್ನು ಸರಳಗೊಳಿಸುವವರು ಮೂರು ಬಗೆಯಲ್ಲಿ ಕೆಡಿಸುವುದನ್ನು ನೋಡಿದ್ದೇನೆ. ಮೊದಲನೆಯವರು ‘ಕಂಪನಿ 12 ಲಕ್ಷ ತೆರಿಗೆ ಬಾಕಿ ಉಳಿಸಿಕೊಂಡಿದೆ’ ಎಂದು ಬರೆದು ಷೇರುದಾರರನ್ನು ಬೆಚ್ಚಿಬೀಳಿಸುತ್ತಾರೆ. ಖರ್ಚಿಗೆ ಹಾಕಿದ 2 ಲಕ್ಷವನ್ನೇ ಮತ್ತೆ ಎಣಿಸಿದರೆಂಬುದು ಇನ್ನೊಂದು ತಪ್ಪು. ಎರಡನೆಯವರು ‘ಈ ಪ್ರಕರಣದಲ್ಲಿ ನಾವೇ ಗೆಲ್ಲುವುದರಿಂದ ಚಿಂತೆಗೆ ಕಾರಣವಿಲ್ಲ’ ಎನ್ನುತ್ತಾರೆ. ಗೆಲುವಿನ ಭರವಸೆ ಕೊಡುವುದು ಟಿಪ್ಪಣಿಯ ಕೆಲಸವಲ್ಲ, ಮೂಲದಲ್ಲಿ ಹಾಗೆ ಬರೆದೂ ಇರುವುದಿಲ್ಲ. ಮೂರನೆಯವರದು ಹೊರನೋಟಕ್ಕೆ ಕಾಣದ ತಪ್ಪು. ಅವರು ಠೇವಣಿ ಕಳೆದು ‘9 ಲಕ್ಷ’ ಎಂದು ಬರೆಯುತ್ತಾರೆ. ಸೋತರೆ ಇನ್ನು ಕೈಯಿಂದ ಹೋಗುವ ನಗದು 9 ಲಕ್ಷವೇ ನಿಜ, ಆದರೆ ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ಕೂತಿರುವ 1 ಲಕ್ಷವೂ ಅಂದೇ ಖರ್ಚಾಗುತ್ತದೆ. ಆದ್ದರಿಂದ ಹೊಣೆಯ ಮೊತ್ತ 10 ಲಕ್ಷವೇ.

ಸರಿಯಾದ ಪಾಠ ಹೀಗಿರಬಹುದು: ‘ಜಿಎಸ್‌ಟಿ ಇಲಾಖೆ ನಮ್ಮಿಂದ ಇನ್ನೂ 10 ಲಕ್ಷ ರೂಪಾಯಿ ತೆರಿಗೆ ಬರಬೇಕೆಂದು ಹೇಳುತ್ತಿದೆ. ಇದನ್ನು ನಾವು ಒಪ್ಪಿಲ್ಲ, ಮೊದಲ ಮೇಲ್ಮನವಿ ಇನ್ನೂ ತೀರ್ಮಾನವಾಗಿಲ್ಲ. ಈ 10 ಲಕ್ಷವನ್ನು ಈ ವರ್ಷದ ಲಾಭದಿಂದ ಕಳೆದಿಲ್ಲ. ಮೇಲ್ಮನವಿಗಾಗಿ ಕಟ್ಟಿದ 1 ಲಕ್ಷ ಆಸ್ತಿಗಳ ಪಟ್ಟಿಯಲ್ಲಿದೆ. ಸೋತರೆ ಪೂರ್ತಿ 10 ಲಕ್ಷ ಖರ್ಚಾಗುತ್ತದೆ. ಬಡ್ಡಿ ಮತ್ತು ದಂಡ ಈ ಮೊತ್ತದಲ್ಲಿ ಸೇರಿಲ್ಲ.’ ಕೊನೆಯ ವಾಕ್ಯ ಮೂಲ ಟಿಪ್ಪಣಿಯಲ್ಲಿದ್ದರೆ ಸರಳ ಪ್ರತಿಯಲ್ಲೂ ಇರಲೇಬೇಕು. ಜಾಗ ಸಾಲದೆಂದು ಮುದ್ರಣದ ಹೊತ್ತಿಗೆ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಕಂಪನಿ ಸದಸ್ಯರ ಬೆಳೆಸಾಲಕ್ಕೆ ಬ್ಯಾಂಕಿನಲ್ಲಿ ಜಾಮೀನು ನಿಂತಿದ್ದರೆ ಅದೂ ಇದೇ ಟಿಪ್ಪಣಿಗೆ ಸೇರುತ್ತದೆ. ಅಲ್ಲಿ ಜಾಮೀನಿನ ಮಿತಿ ಎಷ್ಟು, ಈಗ ಬಾಕಿಯಿರುವ ಸಾಲ ಎಷ್ಟು ಎಂಬ ಎರಡು ಮೊತ್ತಗಳು ಬೇರೆಬೇರೆ. ಮೂಲದಲ್ಲಿ ಯಾವುದಿದೆಯೋ ಅದನ್ನು ಅದರ ಹೆಸರಿನಿಂದಲೇ ಕರೆಯಿರಿ.

ಅಂದಹಾಗೆ, ಕಳೆದ ವರ್ಷದ ಪ್ರತಿ ತೆಗೆದು ಅಂಕಿಗಳನ್ನಷ್ಟೇ ಬದಲಿಸುವ ಅಡ್ಡದಾರಿಯನ್ನು ಹಿಡಿಯಬೇಡಿ. ಮೇಲ್ಮನವಿ ಒಂದು ಮೆಟ್ಟಿಲು ಮೇಲೇರಿದ್ದರೂ, ಪ್ರಕರಣವೇ ಮುಗಿದಿದ್ದರೂ ಹಳೆಯ ವಾಕ್ಯ ಹಾಗೇ ಉಳಿದುಬಿಡುತ್ತದೆ. ಇನ್ನು, ಎಲ್ಲ ಬಗೆಯ ಹೊಣೆಯನ್ನೂ ‘ಋಣ’ವೆಂದೇ ಅನುವಾದಿಸುವ ಸಿದ್ಧ ನಮೂನೆಗಳ ಪುಸ್ತಿಕೆಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳದಿರುವುದೇ ಲೇಸು.

ಕರಡು ಮುಗಿದ ಮೇಲೆ ಅದನ್ನು ಲೆಕ್ಕಪರಿಶೋಧಕರಿಗೆ ಕೊಟ್ಟು ಸಾಲುಸಾಲಾಗಿ ಮೂಲದೊಂದಿಗೆ ತಾಳೆ ನೋಡಿಸಿ. ಅದಾದ ಬಳಿಕ, ಲೆಕ್ಕದ ಪರಿಚಯವಿಲ್ಲದ ಇಬ್ಬರು ಷೇರುದಾರರಿಗೆ ಓದಲು ಕೊಟ್ಟು, ಕಾಗದ ಮುಚ್ಚಿಸಿ, ‘ಈ ಪ್ರಕರಣದಲ್ಲಿ ಸೋತರೆ ಕಂಪನಿಗೆ ಎಷ್ಟು ನಷ್ಟ? ಈ ವರ್ಷದ ಲಾಭದಲ್ಲಿ ಅದು ಆಗಲೇ ಕಳೆದಿದೆಯೇ?’ ಎಂದು ಕೇಳಿ. ‘ಹತ್ತು ಲಕ್ಷ, ಬಡ್ಡಿ-ದಂಡ ಬೇರೆ, ಇನ್ನೂ ಕಳೆದಿಲ್ಲ’ ಎಂಬ ಉತ್ತರ ಬಂದರೆ ಮುದ್ರಣಕ್ಕೆ ಕಳಿಸಿ. ‘ಒಂಬತ್ತು’ ಎಂದರೆ ಠೇವಣಿಯ ವಾಕ್ಯವನ್ನು ಮತ್ತೊಮ್ಮೆ ಬರೆಯಿರಿ.