ಬದುವಿನ ಜಗಳಕ್ಕೆ ಎರಡು ಕೇಸು: ಒಂದು ತಾಲೂಕಿನಲ್ಲಿ ಮುಗಿಯಿತು, ಇನ್ನೊಂದು ಧಾರವಾಡದಲ್ಲಿ

ಹಾವೇರಿ ಜಿಲ್ಲೆಯ ಒಂದು ತಾಲೂಕು ನ್ಯಾಯಾಲಯದಲ್ಲಿ ನಾನು ವಕೀಲಿಕೆ ಮಾಡುತ್ತೇನೆ. 2024ರ ಜನವರಿಯ ಒಂದು ಬೆಳಿಗ್ಗೆ ನನ್ನ ಕಚೇರಿಗೆ ಒಂಬತ್ತು ಜನ ಒಟ್ಟಿಗೆ ಬಂದರು. ಆರು ಜನ ನನ್ನ ಕಕ್ಷಿದಾರರು, ಹೊಡೆದಾಟದ ಕೇಸಿನ ಆರೋಪಿಗಳು. ಏಳನೆಯವನು ಅವರ ಮೇಲೆ ದೂರು ಕೊಟ್ಟ ಫಿರ್ಯಾದಿ, ಅವರದೇ ದೊಡ್ಡಪ್ಪನ ಮಗ. ಉಳಿದಿಬ್ಬರು ಊರಿನ ಹಿರಿಯರು. ಕುರ್ಚಿ ಸಾಲದೆ ಅರ್ಧ ಜನ ಬಾಗಿಲಲ್ಲೇ ನಿಂತರು. "ವಕೀಲ ಸಾಹೇಬರೇ, ರಾಜಿ ಆಗಿದೆ. ಕೇಸು ವಾಪಸ್ ತೆಗೆಸಿ ಕೊಡಿ" ಎಂದರು ಹಿರಿಯರು.

ಜಗಳ ನಡೆದದ್ದು 2022ರ ಜೂನ್‌ನಲ್ಲಿ, ಗೋವಿನಜೋಳ ಬಿತ್ತುವ ಹೊತ್ತಿನಲ್ಲಿ. ನನ್ನ ಕಕ್ಷಿದಾರರು ಟ್ರ್ಯಾಕ್ಟರಿನಿಂದ ಎರಡು ಹೊಲಗಳ ನಡುವಿನ ಬದುವನ್ನು ಒತ್ತಿ ಉತ್ತರು ಎಂಬುದು ಆ ಕಡೆಯವರ ದೂರು. ಮಾತಿಗೆ ಮಾತು ಬೆಳೆದು ಗುದ್ದಲಿಯ ಕಾವು ಕೈಗೆ ಬಂತು. ಫಿರ್ಯಾದಿ, ಅವನ ಹೆಂಡತಿ ಮತ್ತು ತಮ್ಮ, ಮೂವರಿಗೂ ಏಟು ಬಿದ್ದವು. ಅದೇ ಸಂಜೆ ನನ್ನ ಕಡೆಯ ಹಿರಿಯವನೂ ಊದಿದ ಕೆನ್ನೆಯೊಂದಿಗೆ ಠಾಣೆಗೆ ಹೋಗಿ ಪ್ರತಿದೂರು ಕೊಟ್ಟಿದ್ದ. ಒಂದೇ ಜಗಳಕ್ಕೆ ಎರಡು ಎಫ್‌ಐಆರ್, ಆಮೇಲೆ ಎರಡು ದೋಷಾರೋಪಣ ಪಟ್ಟಿ.

ರಾಜಿ ಮಾಡಿಸಲು ಬಂದವರಿಗೆ ನಾನು ಮೊದಲು ತೋರಿಸುವುದು ದೋಷಾರೋಪಣ ಪಟ್ಟಿಯಲ್ಲಿ ಕಲಂಗಳಿರುವ ಸಾಲನ್ನು. ಪ್ರತಿದೂರಿನ ಕೇಸಿನಲ್ಲಿ ಆರೋಪಿಗಳು ಮೂವರೇ. ಕಲಂಗಳು ಭಾರತೀಯ ದಂಡ ಸಂಹಿತೆಯ ಸಾಧಾರಣ ಗಾಯದ 323, ಬೈಗುಳದ 504, ಬೆದರಿಕೆಯ 506, ಜೊತೆಗೆ ಒಂದೇ ಉದ್ದೇಶದಿಂದ ಕೂಡಿ ಮಾಡಿದ್ದಕ್ಕೆ 34. ನನ್ನ ಕಕ್ಷಿದಾರರ ಮೇಲಿನ ಕೇಸಿನಲ್ಲಿ 143, 147, 148, 323, 324, 504, 506, ಜೊತೆಗೆ 149. ಒಂದೇ ಅಕ್ರಮ ಉದ್ದೇಶಕ್ಕೆ ಸೇರಿದವರು ಐದು ಜನಕ್ಕಿಂತ ಕಡಿಮೆ ಇಲ್ಲದಿದ್ದರೆ ಅದು ಅಕ್ರಮ ಕೂಟ. ಆರು ಜನ ಸೇರಿ ಹೊಡೆದರು ಎಂದು ದೂರು ಬಂದಾಗ 143ರಿಂದ 148ರವರೆಗಿನ ಕಲಂಗಳು ತಾವಾಗಿಯೇ ಹಿಂದೆ ಬರುತ್ತವೆ. ಗುದ್ದಲಿಯ ಕಾವಿನ ಕಾರಣಕ್ಕೆ ಆಯುಧದಿಂದ ಗಾಯ ಮಾಡಿದ 324 ಬಂತು. ಎರಡು ಕೇಸುಗಳ ದಾರಿ ಬೇರೆಯಾದದ್ದು ಇಲ್ಲಿಯೇ.

ಯಾವ ಅಪರಾಧವನ್ನು ರಾಜಿ ಮಾಡಿಕೊಳ್ಳಬಹುದು ಎಂಬುದನ್ನು ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ಕೆಲಸ 359ನೇ ಕಲಮಿನದು. ಹಳೆಯ 320ರಲ್ಲಿ ಎರಡು ಕೋಷ್ಟಕಗಳಿವೆ. ಮೊದಲನೆಯದರಲ್ಲಿರುವ ಅಪರಾಧಗಳನ್ನು ನೊಂದವರು ನ್ಯಾಯಾಲಯದ ಅನುಮತಿ ಇಲ್ಲದೆಯೇ ರಾಜಿ ಮಾಡಿಕೊಳ್ಳಬಹುದು: ಸಾಧಾರಣ ಗಾಯ, ಅತಿಕ್ರಮ ಪ್ರವೇಶ, ಬೈಗುಳ, ಬೆದರಿಕೆ ಇತ್ಯಾದಿ. ಎರಡನೆಯದರಲ್ಲಿ ತೀವ್ರ ಗಾಯದ 325, ವಂಚನೆಯ 420ರಂತಹವು ಇವೆ. ಇವುಗಳಿಗೆ ನ್ಯಾಯಾಧೀಶರ ಅನುಮತಿ ಬೇಕು. ಈ ಎರಡರಲ್ಲೂ ಇಲ್ಲದ್ದು ರಾಜಿಗೆ ಬರುವುದಿಲ್ಲ ಎಂದು ಕಲಂ ಕಡ್ಡಿ ಮುರಿದಂತೆ ಹೇಳುತ್ತದೆ. ನಮ್ಮ 143, 147, 148 ಯಾವ ಕೋಷ್ಟಕದಲ್ಲೂ ಇಲ್ಲ. 324 ಹಿಂದೆ ಎರಡನೆಯದರಲ್ಲಿತ್ತು, ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಹಳೆಯ ಪುಸ್ತಕ ನೋಡಿ "324ಕ್ಕೆ ಅನುಮತಿ ಸಿಗುತ್ತದೆ" ಎನ್ನುವವರು ಈಗಲೂ ಇದ್ದಾರೆ.

ಪ್ರತಿದೂರಿನ ಕೇಸು ಒಂದೇ ಬೆಳಿಗ್ಗೆ ಮುಗಿಯಿತು. ಏಟು ತಿಂದವನು, ಬೈಸಿಕೊಂಡವನು, ಬೆದರಿಕೆಗೆ ಒಳಗಾದವನು ಎಲ್ಲ ನನ್ನ ಕಕ್ಷಿದಾರನೊಬ್ಬನೇ. ಜಂಟಿ ಅರ್ಜಿಗೆ ಅವನೂ ಮೂವರು ಆರೋಪಿಗಳೂ ಸಹಿ ಹಾಕಿದರು. ನ್ಯಾಯಾಧೀಶರು ಅವನನ್ನು ಕಟಕಟೆಗೆ ಕರೆದು, ಯಾರಾದರೂ ಹೆದರಿಸಿ ಸಹಿ ಮಾಡಿಸಿದರೇ ಎಂದು ಕೇಳಿದರು. "ಇಲ್ಲ ಸ್ವಾಮಿ, ಒಂದೇ ಮನೆತನದವರು, ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗದಂತಾಗಿದೆ" ಎಂದ. ಅಪರಾಧ ರಾಜಿಯಾಯಿತೆಂದು ದಾಖಲಿಸಿ ಮೂವರನ್ನೂ ಬಿಡುಗಡೆ ಮಾಡಿದರು. ಇಂತಹ ರಾಜಿಗೆ ಕಾನೂನು ಖುಲಾಸೆಯ ಪರಿಣಾಮವನ್ನೇ ಕೊಡುತ್ತದೆ.

ಅದನ್ನು ಕಂಡ ಹಿರಿಯರು ಇನ್ನೊಂದು ಕೇಸನ್ನೂ ಹಾಗೆಯೇ ಮುಗಿಸಿ, ಬೇಕಾದರೆ ಲೋಕ ಅದಾಲತ್‌ಗೆ ಇಡಿಸಿ ಎಂದರು. ಅದೂ ಆಗುವುದಿಲ್ಲ. ರಾಜಿಯಾಗದ ಅಪರಾಧಗಳ ಮೇಲೆ ಲೋಕ ಅದಾಲತ್‌ಗೆ ಅಧಿಕಾರವಿಲ್ಲವೆಂದು ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯೇ ಹೇಳುತ್ತದೆ. 323, 504, 506ನ್ನು ಮಾತ್ರ ರಾಜಿ ಮಾಡಿಸಿದ್ದರೆ ಉಳಿದ ನಾಲ್ಕು ಕಲಂಗಳ ಮೇಲೆ ವಿಚಾರಣೆ ನಡೆಯುತ್ತಲೇ ಇರುತ್ತಿತ್ತು. ಆಗ ಊರಿನಲ್ಲಿ ಯಾರಾದರೂ ಒಬ್ಬರು ಹೇಳುವ ಉಪಾಯ ಇದೆಯಲ್ಲ, ಸಾಕ್ಷಿಗೆ ಬಂದಾಗ "ನನಗೇನೂ ಗೊತ್ತಿಲ್ಲ" ಎಂದುಬಿಡುವುದು, ಅದನ್ನೂ ಯಾರೋ ಹೇಳಿದರು. ಪ್ರಮಾಣ ಮಾಡಿ ಸುಳ್ಳು ಹೇಳಲು ನನ್ನ ಕಚೇರಿಯಲ್ಲಿ ಕುಳಿತು ಯೋಜನೆ ಹಾಕಬೇಡಿ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿರಬೇಕು, ಹಿರಿಯರು ಚಹಾ ಅರ್ಧಕ್ಕೇ ಇಟ್ಟರು.

ಉಳಿದದ್ದು ಹೈಕೋರ್ಟ್, ನಮಗೆ ಅದರ ಧಾರವಾಡ ಪೀಠ. ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಮಿನ ಅಡಿ (ಈಗ 528) ಪ್ರಕರಣವನ್ನೇ ರದ್ದು ಮಾಡುವ ಅಂತರ್ಗತ ಅಧಿಕಾರ ಹೈಕೋರ್ಟಿಗೆ ಇದೆ. ನನ್ನ ಮೊದಲ ಆಲೋಚನೆ ಬೇರೆಯೇ ಇತ್ತು: ದೂರು ಸುಳ್ಳು, ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿದಿದ್ದಾರೆ ಎಂದು ವಾದಿಸೋಣವೆಂದುಕೊಂಡಿದ್ದೆ. ಧಾರವಾಡದಲ್ಲಿ ವಕೀಲಿಕೆ ಮಾಡುವ ನನ್ನ ಸಹಪಾಠಿ ಕಡತ ತಿರುವಿ ನಕ್ಕ. ದೂರನ್ನು ಯಥಾವತ್ ನಿಜವೆಂದು ಒಪ್ಪಿಕೊಂಡರೂ ಅಪರಾಧ ಕಾಣುವುದಿಲ್ಲ ಎಂದಾದರೆ ಮಾತ್ರ ಆ ವಾದ ನಿಲ್ಲುತ್ತದೆ. ಸುಪ್ರೀಂ ಕೋರ್ಟಿನ 1990ರ ಭಜನ್‌ಲಾಲ್ ತೀರ್ಪು ಪಟ್ಟಿ ಮಾಡಿದ ಸಂದರ್ಭಗಳಲ್ಲಿ ಮುಖ್ಯವಾದದ್ದು ಅದು. ಇಲ್ಲಿ ಮೂರು ಗಾಯದ ಪ್ರಮಾಣಪತ್ರಗಳಿವೆ, ಪ್ರತ್ಯಕ್ಷ ಸಾಕ್ಷಿಗಳಿದ್ದಾರೆ. ಯಾರು ಹೇಳುವುದು ನಿಜ ಎಂದು ಹೈಕೋರ್ಟು ಈ ಹಂತದಲ್ಲಿ ತೂಗುವುದಿಲ್ಲ. ರಾಜಿಯ ಆಧಾರದ ಮೇಲೆಯೇ ಕೇಳುವುದೆಂದು ತೀರ್ಮಾನಿಸಿದೆವು.

ಆ ದಾರಿಯನ್ನು ಸ್ಪಷ್ಟಪಡಿಸಿದ್ದು 2012ರ ಗ್ಯಾನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ತೀರ್ಪು. ಅಪರಾಧವನ್ನು ರಾಜಿ ಮಾಡಿಕೊಳ್ಳುವುದು ಬೇರೆ, ರಾಜಿಯಾದ ಕಾರಣಕ್ಕೆ ಹೈಕೋರ್ಟು ಪ್ರಕರಣವನ್ನು ರದ್ದು ಮಾಡುವುದು ಬೇರೆ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮೊದಲನೆಯದಕ್ಕೆ ಕೋಷ್ಟಕದ ಗೆರೆ ಇದೆ. ಎರಡನೆಯದಕ್ಕೆ ಆ ಗೆರೆ ಇಲ್ಲ, ಆದರೆ ಅಪರಾಧದ ಸ್ವರೂಪವನ್ನು ನೋಡಲೇಬೇಕು. ಕೊಲೆ, ಅತ್ಯಾಚಾರ, ದರೋಡೆಯಂತಹವು ಸಮಾಜದ ವಿರುದ್ಧದ ಅಪರಾಧಗಳು. ನೊಂದವರ ಕುಟುಂಬ ಒಪ್ಪಿದರೂ ರದ್ದಾಗುವುದಿಲ್ಲ. ಮನೆತನದ ಜಗಳ, ಹಣಕಾಸಿನ ವ್ಯವಹಾರ, ಗಂಡ ಹೆಂಡಿರ ವ್ಯಾಜ್ಯ ಇಂತಹವನ್ನು ರದ್ದು ಮಾಡಬಹುದು. ಗಂಡ, ಅವನ ಮನೆಯವರ ಕಿರುಕುಳದ 498ಎ ಕೇಸುಗಳು ಕೋಷ್ಟಕದಲ್ಲಿ ಇಲ್ಲದಿದ್ದರೂ ಹೈಕೋರ್ಟಿನಲ್ಲಿ ರಾಜಿಯಿಂದ ಮುಗಿಯುವುದು ಇದೇ ದಾರಿಯಲ್ಲಿ.

ಹೊತ್ತೂ ಮುಖ್ಯ. 2014ರ ನರೀಂದರ್ ಸಿಂಗ್ ತೀರ್ಪಿನಂತೆ ತನಿಖೆಯ ಹಂತದಲ್ಲಿ ಅಥವಾ ಸಾಕ್ಷ್ಯ ಆರಂಭವಾಗುವ ಮೊದಲು ರಾಜಿಯಾಗಿ ಬಂದರೆ ಹೈಕೋರ್ಟು ಉದಾರವಾಗಿ ನೋಡಬಹುದು. ಸಾಕ್ಷ್ಯ ಬಹುಪಾಲು ಮುಗಿದಿದ್ದರೆ ಸಾಮಾನ್ಯವಾಗಿ ಕೈಹಾಕಬಾರದು. ನಮ್ಮ ಕೇಸಿನಲ್ಲಿ ದೋಷಾರೋಪ ಹೊರಿಸಿ ಮೊದಲ ಸಾಕ್ಷಿಗೆ ಸಮನ್ಸ್ ಹೊರಟಿತ್ತು, ಅಷ್ಟೇ.

ಫೆಬ್ರುವರಿಯಲ್ಲಿ ಅರ್ಜಿ ಹಾಕಿದೆವು. ದೂರು, ಎಫ್‌ಐಆರ್, ದೋಷಾರೋಪಣ ಪಟ್ಟಿ, ಕೆಳ ನ್ಯಾಯಾಲಯದ ಆದೇಶ ಹಾಳೆ ಇವುಗಳ ದೃಢೀಕೃತ ಪ್ರತಿ. ಮೊದಲ ಪ್ರತಿವಾದಿ ರಾಜ್ಯ ಸರ್ಕಾರ, ಎರಡನೆಯವನು ಫಿರ್ಯಾದಿ. ಅವನಿಗೆ ಬೇರೆ ವಕೀಲರನ್ನು ಇಟ್ಟುಕೊಳ್ಳುವಂತೆ ನಾನೇ ಹೇಳಿದ್ದೆ. ಎರಡೂ ಕಡೆಗೆ ಒಬ್ಬನೇ ವಕೀಲನಿದ್ದರೆ ಫಿರ್ಯಾದಿಯ ಒಪ್ಪಿಗೆ ನಿಜವಾಗಿಯೂ ಅವನದೇ ಎಂದು ಯಾರು ನಂಬಬೇಕು? ರಾಜಿಯ ಜಂಟಿ ಅರ್ಜಿಯಲ್ಲಿ ಒಂದು ಎಚ್ಚರ ವಹಿಸಿದೆವು. ಆಸ್ಪತ್ರೆ ಖರ್ಚಿನ 40,000 ರೂಪಾಯಿಯನ್ನು "ಕೊಡುತ್ತೇವೆ" ಎಂದು ಬರೆಯದೆ, ಬ್ಯಾಂಕ್ ಮೂಲಕ ಮೊದಲೇ ಕೊಟ್ಟು "ಕೊಟ್ಟಿದ್ದೇವೆ" ಎಂದು ಬರೆದೆವು. ಬದುವನ್ನೂ ಸರ್ವೇ ಮಾಡಿಸಿ ಕಲ್ಲು ನೆಡಿಸಿ ಆಗಿತ್ತು. ಮುಂದೆ ಆಗಬೇಕಾದ ಕೆಲಸವನ್ನು ರಾಜಿಪತ್ರದಲ್ಲಿ ಬಾಕಿ ಉಳಿಸಿದರೆ ಕೇಸು ರದ್ದಾದ ಮೇಲೆ ಅದಕ್ಕೇ ಹೊಸ ಜಗಳ ಶುರುವಾಗುವುದನ್ನು ನೋಡಿದ್ದೇನೆ.

ಇಷ್ಟೆಲ್ಲ ಎಚ್ಚರ ವಹಿಸಿದ ನಾನು ಎಡವಿದ್ದು ಕಣ್ಣೆದುರಿಗೇ ಇದ್ದ ಸಂಗತಿಯಲ್ಲಿ. ಸರ್ಕಾರಿ ವಕೀಲರು 324 ರಾಜಿಗೆ ಬರುವುದಿಲ್ಲವೆಂದು ಆಕ್ಷೇಪಿಸಿದರು. ಅದಕ್ಕೆ ಉತ್ತರ ಸಿದ್ಧವಿತ್ತು. ನ್ಯಾಯಮೂರ್ತಿಗಳು ಕಡತದ ಕೊನೆಯ ಹಾಳೆಗಳನ್ನು ತಿರುವಿ, ಗಾಯದ ಪ್ರಮಾಣಪತ್ರಗಳು ಎಷ್ಟಿವೆ ಎಂದು ಕೇಳಿದರು. ಮೂರು ಎಂದೆ. ರಾಜಿಗೆ ಸಹಿ ಹಾಕಿದ ಗಾಯಾಳುಗಳು ಎಷ್ಟು ಎಂದರು. ಫಿರ್ಯಾದಿ ಒಬ್ಬನೇ. ದೂರು ಕೊಟ್ಟವನು ಬೇರೆ, ನೊಂದವರು ಬೇರೆ ಇರಬಹುದು ಎಂಬುದನ್ನು ಕಿರಿಯರಿಗೆ ಹೇಳಿಕೊಡುವವನೇ ನಾನು. 320ನೇ ಕಲಮಿನ ಕೋಷ್ಟಕದಲ್ಲಿ ಯಾರು ರಾಜಿ ಮಾಡಿಕೊಳ್ಳಬಹುದು ಎಂಬುದಕ್ಕೆ ಬೇರೆ ಅಂಕಣವೇ ಇದೆ. ಗಾಯದ ವಿಷಯದಲ್ಲಿ ಅಲ್ಲಿರುವುದು "ಗಾಯಗೊಂಡ ವ್ಯಕ್ತಿ", ದೂರುದಾರನಲ್ಲ. ಫಿರ್ಯಾದಿಯ ಹೆಂಡತಿಯನ್ನೂ ತಮ್ಮನನ್ನೂ ಪ್ರತಿವಾದಿಗಳಾಗಿ ಸೇರಿಸಲು ಕಾಲಾವಕಾಶ ಕೇಳಿದೆ. ವಿಚಾರಣೆ ಮುಂದಕ್ಕೆ ಹೋಯಿತು, ಕೆಳ ನ್ಯಾಯಾಲಯದ ನಡಾವಳಿಗೆ ತಡೆ ಸಿಕ್ಕಿತು.

ತಮ್ಮ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ, ಅವನನ್ನು ಕರೆಸಲು ಮೂರು ವಾರ ಹಿಡಿಯಿತು. ಹೆಂಡತಿ ಬೇಗ ಒಪ್ಪಲಿಲ್ಲ. ಆಕೆಯ ಮುಂಗೈಗೆ ಏಟು ಬಿದ್ದಿತ್ತು, ಮೂಳೆ ಮುರಿಯದಿದ್ದರೂ ತಿಂಗಳುಗಟ್ಟಲೆ ರೊಟ್ಟಿ ಬಡಿಯಲು ಆಗಿರಲಿಲ್ಲ. "ಗಂಡಸರೆಲ್ಲ ಕುಳಿತು ರಾಜಿ ಮಾಡಿಕೊಂಡರು, ನನ್ನನ್ನು ಯಾರು ಕೇಳಿದರು?" ಎಂದಳು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ, ಕೇಳದೆ ಬಿಟ್ಟವರಲ್ಲಿ ನಾನೂ ಒಬ್ಬ. ಹೊಡೆದವನು ಆಕೆಯ ಮನೆಗೆ ಹೋಗಿ, ಎಲ್ಲರ ಮುಂದೆ ತಪ್ಪಾಯಿತು ಅತ್ತಿಗೆ ಎಂದ ಮೇಲೆ ಸಹಿ ಹಾಕಿದಳು.

ಎರಡನೆಯ ಸಲ ಮೂವರು ಗಾಯಾಳುಗಳೂ ಆಧಾರ್ ಪ್ರತಿ ಹಿಡಿದು ಹೈಕೋರ್ಟಿಗೆ ಬಂದರು. ಅವರವರ ವಕೀಲರು ಗುರುತಿಸಿದರು. ಗಾಯಗಳು ಸಾಧಾರಣ ಸ್ವರೂಪದವು, ಆರೋಪಿಗಳ ಮೇಲೆ ಬೇರೆ ಕೇಸುಗಳಿಲ್ಲ, ಎರಡೂ ಕಡೆಯವರು ಒಂದೇ ಕುಟುಂಬದವರು, ವಿಚಾರಣೆ ಮುಂದುವರಿದರೂ ಶಿಕ್ಷೆಯಾಗುವ ಸಾಧ್ಯತೆ ತೀರಾ ಕಡಿಮೆ ಎಂದು ದಾಖಲಿಸಿ ನ್ಯಾಯಮೂರ್ತಿಗಳು ಪ್ರಕರಣವನ್ನು ರದ್ದುಗೊಳಿಸಿದರು. ಅದೇ ಏಟು ತಲೆಗೆ ಬಿದ್ದು ಕೊಲೆ ಯತ್ನದ ಕಲಂ 307 ಆಗಿದ್ದರೆ ಇಷ್ಟು ಸಲೀಸಾಗುತ್ತಿರಲಿಲ್ಲ. ಆಗ ಯಾವ ಆಯುಧ, ದೇಹದ ಯಾವ ಭಾಗಕ್ಕೆ ಏಟು, ಆರೋಪಿ ತಲೆಮರೆಸಿಕೊಂಡಿದ್ದನೇ, ರಾಜಿ ಹೇಗಾಯಿತು ಎಂಬುದನ್ನೆಲ್ಲ ನೋಡಬೇಕೆಂದು 2019ರ ಲಕ್ಷ್ಮೀನಾರಾಯಣ ತೀರ್ಪು ಹೇಳುತ್ತದೆ.

ಆದೇಶ ಬಂದ ದಿನವೇ ಕೆಲಸ ಮುಗಿಯಲಿಲ್ಲ. ದೃಢೀಕೃತ ಪ್ರತಿಯನ್ನು ತಾಲೂಕು ನ್ಯಾಯಾಲಯಕ್ಕೆ ಹಾಜರುಪಡಿಸಿ, ಆದೇಶ ಹಾಳೆಯಲ್ಲಿ ಪ್ರಕರಣ ಮುಕ್ತಾಯವೆಂದು ಬರೆಸಿ, ಜಾಮೀನು ಮುಚ್ಚಳಿಕೆ ರದ್ದು ಮಾಡಿಸಬೇಕು. ಆರೋಪಿಗಳಲ್ಲಿ ಕಿರಿಯವನ ಮೇಲೆ ಹಿಂದೊಮ್ಮೆ ಗೈರುಹಾಜರಿಗೆ ಹೊರಟಿದ್ದ ವಾರಂಟು ಠಾಣೆಯಲ್ಲಿ ಹಾಗೆಯೇ ಉಳಿದಿತ್ತು, ಅದನ್ನೂ ವಾಪಸ್ ತರಿಸಿದೆ. ಅವನು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕುವವನಿದ್ದ. ಕೇಸು ರದ್ದಾಯಿತಲ್ಲ, ಅರ್ಜಿಯಲ್ಲಿ ಇಲ್ಲ ಎಂದು ಬರೆಯಬಹುದೇ ಎಂದು ಕೇಳಿದ. ಎಂದಾದರೂ ಕೇಸು ಇತ್ತೇ ಎಂದು ಕೇಳಿದ್ದರೆ ಇತ್ತು ಎಂದೇ ಬರೆ, ಹೈಕೋರ್ಟಿನ ಆದೇಶವನ್ನು ಜೊತೆಗೆ ಲಗತ್ತಿಸು ಎಂದೆ. ಎರಡು ಪ್ರತಿ ಹೆಚ್ಚಿಗೆ ತೆಗೆಸಿಕೊಂಡು ಹೋದ.