ಕಾಲುವೆ ಕೊನೆಯಲ್ಲಿ ಕೂರಿಗೆ ಭತ್ತ: ನಾಲ್ಕು ಮುಂಗಾರಿನ ನನ್ನ ಲೆಕ್ಕ

"ಭತ್ತ ಏನು ಜೋಳ ಅಂತ ತಿಳ್ಕೊಂಡೀಯೇನಪಾ, ಕೂರಿಗಿಲೆ ಬಿತ್ತಾಕ?"

ನಮ್ಮ ಸೋದರಮಾವ 2020ರಲ್ಲಿ ಬದುವಿನ ಮೇಲೆ ನಿಂತು ಹೀಗಂದಾಗ ಹತ್ತು ಮಂದಿ ನಕ್ಕಿದ್ದರು. ಭತ್ತ ಅಂದರೆ ಕೆಸರಲ್ಲಿ ನಾಟಿ, ಸಾಲು ಹಿಡಿದು ಬೀಜ ಬಿತ್ತುವ ಕೂರಿಗೆ ಜೋಳಕ್ಕೆ ಅನ್ನೋದು ಎಲ್ಲರ ಲೆಕ್ಕ. 2023ರಲ್ಲಿ ಅದೇ ಮಾವ ನನ್ನ ಕೂರಿಗೆಯ ಬಾಡಿಗೆ ಎಷ್ಟು ಅಂತ ಕೇಳಿದರು. ನಡುವೆ ಏನೇನಾಯಿತು ಅನ್ನೋದನ್ನು ಬರೆಯುತ್ತಿದ್ದೇನೆ. ಲೆಕ್ಕದ ಪುಸ್ತಕ ಎದುರಿಗಿಲ್ಲ, ನೆನಪಿನ ಮೇಲೆ ಹೇಳುತ್ತೇನೆ.

ನಮ್ಮ ಹೊಲ ರಾಯಚೂರು ಜಿಲ್ಲೆಯ ಮಾನ್ವಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕೊನೆ ಭಾಗ ಅಂತಾರಲ್ಲ, ಆ ಕೊನೆ ಭಾಗಕ್ಕೂ ಕೊನೆ. ಹನ್ನೊಂದು ಎಕರೆ ಎರೆಭೂಮಿ. ಕಾಲುವೆ ಬಂದಾಗ ಇಲ್ಲಿ ಭತ್ತಕ್ಕೆ ಅಂತ ಇಟ್ಟಿದ್ದು ಸುಮಾರು ಹತ್ತರಲ್ಲಿ ಒಂದು ಪಾಲು ನೆಲ ಮಾತ್ರ. ಉಳಿದದ್ದು ಜೋಳ, ಹತ್ತಿ, ಶೇಂಗಾಕ್ಕೆ. ನೀರನ್ನು ತೆಳುವಾಗಿ ಹರಡಿ ಬರ ತಪ್ಪಿಸೋದು ಆಗಿನ ಲೆಕ್ಕ. ಆಮೇಲೆ ಐಆರ್ ಎಂಟು ಅನ್ನೋ ಭತ್ತದ ತಳಿ ಬಂತು, ಯೂರಿಯಾ ಬಂತು. ಆಂಧ್ರದ ಕರಾವಳಿಯಿಂದ ಭತ್ತ ಬಲ್ಲವರು ಬಂದು ಕ್ಯಾಂಪ್ ಕಟ್ಟಿದರು. ಎಕರೆಗೆ ಐದಾರು ಕ್ವಿಂಟಲ್ ಜೋಳ ನೋಡಿದ್ದ ನಮ್ಮಪ್ಪ ಮೊದಲ ಸಲ ಕ್ಯಾಂಪಿನಲ್ಲಿ ಒಂದೇ ಎಕರೆಗೆ ಇಪ್ಪತ್ತೈದು ಚೀಲ ಭತ್ತ ತೂಗಿದ್ದನ್ನು ನೋಡಿ ಬಂದು ರಾತ್ರಿ ಊಟ ಮಾಡಲಿಲ್ಲವಂತೆ. ನಮ್ಮಲ್ಲಿ ಚೀಲ ಅಂದರೆ ಎಪ್ಪತ್ತೈದು ಕಿಲೋ, ಗೊತ್ತಲ್ಲ.

ಮೇಲಿನವರೆಲ್ಲ ಭತ್ತಕ್ಕೆ ಇಳಿದರು. ಅವರನ್ನು ಬೈದು ಪ್ರಯೋಜನ ಇಲ್ಲ, ನಾನು ಅಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಜೋಳಕ್ಕೆ ಅಂತ ಅಳೆದು ಬಿಟ್ಟ ನೀರಿನಲ್ಲಿ ಭತ್ತ ಬೆಳೆದರೆ ಕಾಲುವೆ ನಡುದಾರಿಯಲ್ಲೇ ಮುಗಿಯುತ್ತದೆ. ಮೇಲೆ ಎರಡು ಬೆಳೆ, ನಮಗೆ ಒಂದು. ಅದೂ ಹೇಗೆ? ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರೂ ನಮ್ಮ ತೂಬಿಗೆ ಮುಟ್ಟುವಾಗ ಆಗಸ್ಟ್ ಕೊನೆ. ಆಗ ಕೆಸರು ಮಾಡಿ ನಾಟಿ ಹಚ್ಚಿದರೆ ಹೂವಾಡೋದು ಚಳಿಯಲ್ಲಿ, ತೆನೆಯಲ್ಲಿ ಅರ್ಧ ಜೊಳ್ಳು. ಕಾಳು ಕಟ್ಟುವ ಹೊತ್ತಿಗೆ ನೀರು ಬಂದ್.

ಹಾಗಾಗಿ ನಾನು ಕೂರಿಗೆ ಹಿಡಿದದ್ದು ನೀರು ಉಳಿಸೋಕೆ ಅಲ್ಲ. ಮೊದಲ ಒಂದೂವರೆ ತಿಂಗಳನ್ನು ಕಾಲುವೆಯ ಕೈಯಿಂದ ಬಿಡಿಸಿಕೊಳ್ಳೋಕೆ. ಒಣ ನೆಲಕ್ಕೆ ಮಳೆ ಹದದಲ್ಲಿ ಬಿತ್ತಿ, ಕಾಲುವೆ ಬರುವ ಹೊತ್ತಿಗೆ ಪೈರು ಬೇರು ಬಿಟ್ಟಿರಬೇಕು, ಅಷ್ಟೇ. ಈ ಒಂದು ಮಾತು ಅರ್ಥ ಆಗೋಕೆ ನನಗೇ ಎರಡು ವರ್ಷ ಹಿಡಿಯಿತು.

ಮೊದಲ ವರ್ಷ ನಾಲ್ಕು ಎಕರೆ ಬಿತ್ತಿದೆ. ಜೋಳ ಬಿತ್ತಿದ ಕೈ ಅಲ್ವಾ, ಕೂರಿಗೆಯಲ್ಲಿ ನೆಲ ಸೀಳಿ ಬೀಜ ಬಿಡುವ ತಾಳನ್ನು ಎರಡೂವರೆ ಇಂಚು ಇಳಿಸಿಬಿಟ್ಟೆ. ಭತ್ತಕ್ಕೆ ಒಂದು ಇಂಚು ಸಾಕು. ಮೂರನೇ ದಿನ ಭಾರಿ ಮಳೆ ಬಿದ್ದು ಮೇಲೆ ಹೆಪ್ಪು ಕಟ್ಟಿತು. ತಗ್ಗಿನಲ್ಲಿ ನೀರು ನಿಂತು ಬೀಜ ಕೊಳೆಯಿತು. ಹುಟ್ಟಿದ್ದು ಅರ್ಧಕ್ಕಿಂತ ಕಮ್ಮಿ. ಸಾಲದ್ದಕ್ಕೆ ಜೇಕು ಅನ್ನೋ ಕಳೆ. ಬಿತ್ತಿದ ಮರುದಿನ ಪೆಂಡಿಮೆಥಾಲಿನ್ ಕಳೆನಾಶಕ ಹೊಡೆದಿದ್ದೆ, ಅದು ಬೀಜದಿಂದ ಹುಟ್ಟುವ ಹುಲ್ಲಿಗೆ ಸರಿ, ಗೆಡ್ಡೆಯಿಂದ ಏಳುವ ಜೇಕಿಗೆ ಏನೂ ಮಾಡೋದಿಲ್ಲ. ಕಳೆ ತೆಗೆಸೋಕೆ ಎಕರೆಗೆ ಆರು ಸಾವಿರ ಹೋಯಿತು. ನಾಟಿ ಕೂಲಿ ಉಳಿಸಿದ್ದು ಎಲ್ಲಿಗೆ ಬಂತು? ಎಕರೆಗೆ ಹದಿನಾಲ್ಕು ಚೀಲ ಬಂತು. ಮಾವ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಎರಡನೇ ವರ್ಷ ಆಳ ಸರಿ ಮಾಡಿದೆ. ಬೀಜ ಎಕರೆಗೆ ಹನ್ನೆರಡು ಕಿಲೋ, ಸಾಲಿಂದ ಸಾಲಿಗೆ ಒಂಬತ್ತು ಇಂಚು. ಮೊದಲ ಮಳೆಗೆ ಬಿತ್ತೋದನ್ನೇ ಬಿಟ್ಟೆ. ಆ ಮಳೆಗೆ ಕಳೆ ಹುಟ್ಟಲಿ ಅಂತ ಬಿಟ್ಟು, ಎರಡು ಎಲೆ ಆದ ಮೇಲೆ ಕುಂಟೆ ಹೊಡೆದು ಕೆಡವಿ, ಮುಂದಿನ ಹದಕ್ಕೆ ಬಿತ್ತಿದೆ. ಹೋದ ವರ್ಷ ಉದುರಿದ ಭತ್ತವೂ ಇದರಲ್ಲೇ ಸಾಯುತ್ತದೆ. ಇಪ್ಪತ್ತು ದಿನಕ್ಕೆ ಬಿಸ್‌ಪೈರಿಬ್ಯಾಕ್ ಕಳೆನಾಶಕ ಎಕರೆಗೆ ನೂರು ಎಂಎಲ್, ಹಸಿ ಇದ್ದಾಗ ಮಾತ್ರ. ಪೈರು ಚೆನ್ನಾಗಿ ಹುಟ್ಟಿತು. ಇಪ್ಪತ್ತೈದನೇ ದಿನ ಸುಳಿ ಎಲೆ ಹಳದಿ ತಿರುಗಿತು, ಆಮೇಲೆ ಬಿಳಿ. ಅಂಗಡಿಯವನೊಬ್ಬ ಯೂರಿಯಾ ಕಮ್ಮಿ ಆಗಿದೆ ಅಂದ. ಎಕರೆಗೆ ಅರ್ಧ ಚೀಲ ಹಾಕಿದೆ, ಇನ್ನೂ ಬೆಳ್ಳಗಾಯಿತು. ಹಳೇ ಎಲೆ ಹಸಿರಿದ್ದು ಹೊಸ ಎಲೆ ಬೆಳ್ಳಗಾದರೆ ಅದು ಸಾರಜನಕ ಅಲ್ಲ, ಕಬ್ಬಿಣದ ಕೊರತೆ. ನೀರು ನಿಂತ ಗದ್ದೆಯಲ್ಲಿ ಕಬ್ಬಿಣ ಕರಗಿ ಬೇರಿಗೆ ಸಿಗುತ್ತದೆ. ಸುಣ್ಣದಂಶ ಇರುವ ಒಣ ಎರೆಯಲ್ಲಿ ಸಿಗೋದಿಲ್ಲ. ಇನ್ನೂರು ಲೀಟರ್ ನೀರಿಗೆ ಒಂದು ಕಿಲೋ ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್, ಸ್ವಲ್ಪ ನಿಂಬೆ ಉಪ್ಪು ಕಲಸಿ ಎಲೆಗೆ ಸಿಂಪಡಿಸೋದು, ವಾರ ಬಿಟ್ಟು ಇನ್ನೊಂದು ಸಲ. ಇನ್ನೂರು ರೂಪಾಯಿಯೂ ಖರ್ಚಿಲ್ಲದ ಔಷಧಿ. ಅದು ತಿಳಿಯುವ ಹೊತ್ತಿಗೆ ಹದಿನೈದು ದಿನ ಕಳೆದುಹೋಗಿತ್ತು. ಎಕರೆಗೆ ಇಪ್ಪತ್ತೆರಡು ಚೀಲ ಬಂತು.

ಅದೇ ವರ್ಷ ಪೈಪಿನ ಹುಚ್ಚೂ ಹಿಡಿದಿತ್ತು. ತೂತು ಕೊರೆದ ಪಿವಿಸಿ ಪೈಪನ್ನು ಗದ್ದೆಯಲ್ಲಿ ಹುಗಿದು, ಒಳಗಿನ ನೀರು ನೆಲಮಟ್ಟದಿಂದ ಆರು ಇಂಚು ಕೆಳಗೆ ಇಳಿದ ಮೇಲೆ ಮತ್ತೆ ನೀರು ಕಟ್ಟೋದು. ಫಿಲಿಪ್ಪೀನ್ಸ್‌ನ ಭತ್ತ ಸಂಶೋಧನಾ ಸಂಸ್ಥೆಯವರು ಹರಡಿದ ಪದ್ಧತಿ, ನಿಮಗೆ ಗೊತ್ತೇ ಇದೆ. ಕೆಂಪು ಮಸಾರಿಯವರು ಮಾಡಲಿ. ನನ್ನ ಎರೆಯಲ್ಲಿ ಆರು ಇಂಚು ಇಳಿಯುವಷ್ಟರಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ನೀರು ಬಿಟ್ಟರೆ ಬಿರುಕಿನಲ್ಲೇ ಇಳಿದು ಹೋಗುತ್ತದೆ, ಗದ್ದೆಯ ಆಚೆ ತುದಿ ಮುಟ್ಟೋದೇ ಇಲ್ಲ. ಉಳಿಸಿದ್ದಕ್ಕಿಂತ ಜಾಸ್ತಿ ಕಳೆದೆ. ಈಗ ಕೂದಲೆಳೆ ಬಿರುಕು ಕಂಡ ದಿನವೇ ನೀರು. ಪೈಪು ಹಿತ್ತಲಲ್ಲಿ ಸೋರೆಬಳ್ಳಿಗೆ ಆಸರೆಯಾಗಿದೆ.

2022ರಲ್ಲಿ ತಪ್ಪಿಲ್ಲದೆ ಮಾಡಿದೆ, ಇಪ್ಪತ್ತೊಂಬತ್ತು ಚೀಲ ಬಂತು. ಆದರೆ ಅದು ನೀರಿನ ವರ್ಷ. ಪಕ್ಕದ ನಾಟಿ ಗದ್ದೆಗಳಲ್ಲಿ ಮೂವತ್ತೇಳು ಮೂವತ್ತೆಂಟು. ಸಸಿಮಡಿ, ಕೆಸರು, ನಾಟಿ ಸೇರಿ ಎಕರೆಗೆ ಎಂಟು ಸಾವಿರ ಉಳಿಸಿದ್ದೆ ನಿಜ, ಎಂಟೊಂಬತ್ತು ಚೀಲ ಬಿಟ್ಟುಕೊಟ್ಟಿದ್ದೂ ನಿಜ. ಲೆಕ್ಕ ಹಾಕಿದರೆ ನನಗೇ ನಷ್ಟ. ಸಕಾಲಕ್ಕೆ ಹೊಟ್ಟೆ ತುಂಬ ನೀರು ಸಿಗುವವನಿಗೆ ನಾಟಿಯೇ ಲಾಭ, ಇದನ್ನು ಮುಚ್ಚಿಡೋದಿಲ್ಲ.

2023 ಬೇರೆ. ಆ ವರ್ಷ ಜಲಾಶಯ ತುಂಬಲಿಲ್ಲ. ಜುಲೈ ಇಪ್ಪತ್ತರ ಆಸುಪಾಸು ಹದವಾದ ಮಳೆ ಸಿಕ್ಕಿತು, ಹನ್ನೊಂದೂ ಎಕರೆ ಬಿತ್ತಿದೆ. ತಳಿ ಆರ್‌ಎನ್‌ಆರ್. ಬಿತ್ತುವ ಹಿಂದಿನ ರಾತ್ರಿ ಬೀಜಕ್ಕೆ ಒಂದು ಸಂಸ್ಕಾರ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯೋದಿಲ್ಲ. ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ. ಆಗಸ್ಟ್ ಪೂರ್ತಿ ಆಕಾಶ ಒಣಗಿತ್ತು, ನೆನಪಿದೆಯಲ್ಲ? ದಿನಾ ಬೆಳಿಗ್ಗೆ ಕಾಲುವೆಯ 104ನೇ ಮೈಲಿನಲ್ಲಿ ನೀರಿನ ಮಟ್ಟದ ಗೇಜ್ ಎಷ್ಟು ಅಂತ ಫೋನ್ ಮಾಡೋದು, ನಿಟ್ಟುಸಿರು ಬಿಡೋದು. ಹಳ್ಳಕ್ಕೆ ಮೋಟರ್ ಇಟ್ಟು ಒಂದೇ ಒಂದು ನೀರು ಹಾಯಿಸಿದೆ, ಡೀಸೆಲ್‌ಗೇ ಇಪ್ಪತ್ತು ಸಾವಿರ ಮೇಲೆ ಹೋಯಿತು. ಬಿತ್ತಿದ ಪೈರು ಬಾಡಿತು, ಸಾಯಲಿಲ್ಲ. ಬೇರು ಆಗಲೇ ಆಳಕ್ಕೆ ಇಳಿದಿತ್ತು.

ಆಗಸ್ಟ್ ಕೊನೆಗೆ ತೂಬಿಗೆ ನೀರು ಬಂತು. ಪಕ್ಕದವರು ಆಗ ಕೆಸರು ಮಾಡೋಕೆ ಶುರು ಮಾಡಿದರು. ಕೆಸರಿಗೇ ಆರೇಳು ಇಂಚು ನೀರು ಬೇಕು. ನನಗೆ ಆ ನೀರು ಬೇಡ, ಸೀದಾ ಪೈರಿಗೆ ಹೋಯಿತು. ಅವರು ಬಲಿತ ಸಸಿ ನಾಟಿ ಮಾಡಿ ಮುಗಿಸುವಾಗ ನನ್ನದು ತೆಂಡೆ ಒಡೆದಿತ್ತು. ಅಕ್ಟೋಬರ್ ಕೊನೆಗೆ ಹೂವು, ನವೆಂಬರ್ ಕೊನೆಗೆ ಕೊಯ್ಲಿನ ಮಷಿನ್ ಇಳಿಸಿದೆ. ಮೂವತ್ತೊಂದು ಚೀಲ ಬಂತು. ಅವರಿಗೆ ಹದಿನೆಂಟು, ಇಪ್ಪತ್ತು. ಆ ವರ್ಷ ಚೀಲ ಎರಡು ಸಾವಿರದ ಮೇಲೇ ಇತ್ತು. ಕ್ಯಾಂಪಿನ ಹಿರಿಯರೊಬ್ಬರು ಬಂದು ತೆನೆ ಉಜ್ಜಿ ನೋಡಿ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಗೆದ್ದ ಹುರುಪಿನಲ್ಲಿ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿದೆ. ತಂಗಿಯ ಗಂಡನ ಹೊಲ ಗಂಗಾವತಿ ಕಡೆ, ಕಾಲುವೆಯ ತಲೆಭಾಗ. ಅವರೆಲ್ಲ ಕೂರಿಗೆ ಹಿಡಿದರೆ ನೀರು ಕೆಳಗೆ ಬರುತ್ತದೆ ಅಂತ ನನ್ನ ಆಸೆ. ಮರುವರ್ಷ ಐದು ಎಕರೆ ಒಪ್ಪಿಸಿದೆ. ಅದರಲ್ಲಿ ಒಂದು ಎಕರೆ ಸವಳು. ವರ್ಷಕ್ಕೆ ಎರಡು ಬೆಳೆ, ನಿಂತ ನೀರು, ಬಸಿಯೋಕೆ ದಾರಿ ಇಲ್ಲ. ಉಪ್ಪು ಮೇಲೆ ಬಂದಿದೆ. ನಾಟಿ ಗದ್ದೆಯಲ್ಲಿ ನಿಂತ ನೀರು ಆ ಉಪ್ಪನ್ನು ಕೆಳಗೆ ಒತ್ತಿ ಹಿಡಿದಿರುತ್ತದೆ. ಒಣಗಲು ಬಿಟ್ಟು ಬಿತ್ತಿದರೆ ಬಿಳಿ ಪೊರೆ ಕಟ್ಟಿ ಬೀಜವೇ ಹುಟ್ಟಲಿಲ್ಲ. ಸವಳಿನಲ್ಲಿ ಕೂರಿಗೆ ಬೇಡ.

ಉಳಿದ ನಾಲ್ಕು ಎಕರೆ ಚೆನ್ನಾಗೇ ಬಂತು, ನೀರೂ ಕಾಲು ಭಾಗ ಕಮ್ಮಿ ಹಿಡಿಯಿತು. ಆ ನೀರು ಎಲ್ಲಿಗೆ ಹೋಯಿತು? ತಂಗಿಯ ಗಂಡ, ನಮ್ಮ ಅಳಿಯಂದಿರು, ಕಾಲುವೆ ಏರಿಯ ಆಚೆ, ಅಚ್ಚುಕಟ್ಟಿಗೇ ಸೇರದ ಎರಡು ಎಕರೆಗೆ ಮೋಟರ್ ಇಟ್ಟು ಭತ್ತ ಹಚ್ಚಿದ್ದರು.

"ಮಾವಾರೆ, ನೀರಿನ ಕರ ಎಕರೆ ಲೆಕ್ಕ. ಹತ್ತು ಇಂಚು ಕಟ್ಟಿದ್ರೂ ಅಷ್ಟೇ, ಐದು ಕಟ್ಟಿದ್ರೂ ಅಷ್ಟೇ. ಉಳಿಸಿದ್ದು ನನ್ನ ತೂಬು ದಾಟಿ ಹೋದ್ರೆ ಮುಂದಿನವನು ಹಚ್ಚಿಕೊಳ್ತಾನೆ. ನಿಮ್ಮ ಮಾನ್ವಿ ತನಕ ಎಲ್ಲಿ ಬಂದೀತು?"

ಉತ್ತರ ಹೊಳೆಯಲಿಲ್ಲ. ಲೀಟರ್ ಲೆಕ್ಕದಲ್ಲಿ ಅವರ ತೂಬಿನಿಂದ ನಮ್ಮ ತೂಬಿಗೆ ನೀರು ದಾಟಿಸುವ ಕೂರಿಗೆ ಯಾವ ಅಂಗಡಿಯಲ್ಲೂ ಇಲ್ಲ. ಅದು ಗೇಟು, ಗೇಜು, ಸರದಿ ನೋಡಿಕೊಳ್ಳುವವರ ಕೈಯಲ್ಲಿರೋದು. ನಾನು ಮಾಡಿದ್ದು ನೀರು ತಡವಾಗಿ ಬಂದರೂ ಬದುಕೋದು, ಅಷ್ಟೇ.

ನಮ್ಮ ಸೋದರಮಾವ ಕೇಳಿದ ಬಾಡಿಗೆ ವಿಷಯ ಬಾಕಿ ಉಳಿಯಿತು. ಹೊರಗಿನವರಿಗೆ ಎಕರೆಗೆ ಸಾವಿರದ ಇನ್ನೂರು, ಮಾವನಿಗೆ ಡೀಸೆಲ್ ಮಾತ್ರ. ತಾಳಿನ ಆಳ ಮಾತ್ರ ನಾನೇ ಕಟ್ಟಿ ಕೊಡುತ್ತೇನೆ. ಅವರ ಕೈಯೂ ಜೋಳ ಬಿತ್ತಿದ ಕೈಯೇ.