20 ಬಾಕ್ಸ್ ಟೊಮೆಟೊ, 8 ವಾರ: ಒಂದು ಕೇಟರಿಂಗ್ ಕಂಪನಿಯ ಮುಂದೆ ನಾವಿಟ್ಟ ಪೈಲಟ್

ಮುಳಬಾಗಿಲು ಕಡೆಯ ಒಂದು ಸಣ್ಣ ರೈತ ಉತ್ಪಾದಕ ಕಂಪನಿಯ ವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಸದಸ್ಯರ ಟೊಮೆಟೊ ಹೋಗುವುದು ಬಹುಪಾಲು ಕೋಲಾರ ಮಂಡಿಗೆ. ಬೆಂಗಳೂರಿನಲ್ಲಿ ಹಾಸ್ಟೆಲ್ ಮತ್ತು ಪಿಜಿಗಳಿಗೆ ಅಡುಗೆ ಮಾಡಿ ಕಳಿಸುವ ಒಂದು ಕೇಟರಿಂಗ್ ಕಂಪನಿ ಇದೆ. ಅವರಿಗೆ ನಾಲ್ಕು ಅಡುಗೆಮನೆ, ದಿನಾ ಸಾರು, ಚಟ್ನಿ, ಗೊಜ್ಜು. ನೇರವಾಗಿ ನಮ್ಮಿಂದಲೇ ತಗೊಳ್ಳಿ ಅಂತ ಕೇಳಿದಾಗ ಅಲ್ಲಿನ ಖರೀದಿ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಸರಿ ಸಾರ್, ಒಂದೆರಡು ಲೋಡ್ ಸ್ಯಾಂಪಲ್ ಕಳಿಸಿ, ನೋಡೋಣ."

ಆ ದಾರಿ ನನಗೆ ಬೇಡವಾಗಿತ್ತು. ಸ್ಯಾಂಪಲ್ ಅಂದರೆ ಪುಕ್ಕಟೆ ಮಾಲು, ಅದೂ ತೋಟದಲ್ಲೇ ಚೆನ್ನಾಗಿರುವ ಹಣ್ಣು. ಅದನ್ನು ತಿಂದು ನೋಡಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಣ್ಣು ಚೆನ್ನಾಗಿದೆಯಾ ಅನ್ನುವುದಲ್ಲ ಪ್ರಶ್ನೆ. ವಾರಕ್ಕೆ ಎರಡು ಸಲ ಬೆಳಿಗ್ಗೆ 7ರೊಳಗೆ ಬರುತ್ತಾ, ಎಷ್ಟು ಕೆಜಿ ಎಸೆಯಬೇಕಾಗುತ್ತೆ, ರೈತನ ಕೈಗೆ ಮಂಡಿಗಿಂತ ಜಾಸ್ತಿ ಸಿಗುತ್ತಾ ಅನ್ನುವುದು ಪ್ರಶ್ನೆ. ಹಾಗಾಗಿ ಪೈಲಟ್, ಅಂದರೆ ಮೊದಲು ಸಣ್ಣದಾಗಿ ಒಂದು ಪ್ರಯೋಗ ಮಾಡೋಣ ಅಂತ ಎರಡು ಪುಟದ ಒಂದು ಪ್ರಸ್ತಾವನೆ ಬರೆದುಕೊಂಡು ಹೋದೆ. ನಾಲ್ಕರಲ್ಲಿ ಒಂದೇ ಅಡುಗೆಮನೆ, ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಪ್ರತಿ ಸಲ 15 ಕೆಜಿಯ 20 ಬಾಕ್ಸ್. ಉಳಿದ ದಿನ ಅವರ ಹಳೇ ವ್ಯಾಪಾರಿಯೇ ಕೊಡಲಿ. ನಮ್ಮ ಗಾಡಿ ಕೈಕೊಟ್ಟರೂ ಅಡುಗೆ ನಿಲ್ಲಬಾರದು, ಅಲ್ವಾ?

ಅವಧಿ 8 ವಾರ ಅಂತ ಹಾಕಿದ್ದಕ್ಕೆ ಕಾರಣ ತೋಟದಲ್ಲೇ ಇತ್ತು. ಟೊಮೆಟೊ ನಾಟಿ ಮಾಡಿ ಸುಮಾರು ಎರಡೂವರೆ ತಿಂಗಳಿಗೆ ಮೊದಲ ಕೀಳು ಬರುತ್ತದೆ. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳುತ್ತಾ ಹೋಗಬೇಕು. ಮಂಗಳವಾರ, ಶುಕ್ರವಾರ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ಮೊದಲ ಕೀಳುಗಳಲ್ಲಿ ಹಣ್ಣು ದಪ್ಪ, ಗಟ್ಟಿ. ಗಿಡ ಸೋತಂತೆ ಹಣ್ಣು ಸಣ್ಣದಾಗುತ್ತೆ, ಬಿರುಕು ಜಾಸ್ತಿಯಾಗುತ್ತೆ. ಖರೀದಿ ಮ್ಯಾನೇಜರ್ ಮೂರೇ ವಾರ ಸಾಕು ಅಂದರು. ಮೂರು ವಾರಕ್ಕೆ ನಿಲ್ಲಿಸಿದರೆ ನಿಮಗೆ ಒಳ್ಳೇ ಹಣ್ಣಿನ ಲೆಕ್ಕ ಮಾತ್ರ ಸಿಗುತ್ತೆ, ಮುಂದೆ ಒಪ್ಪಂದ ಆದಮೇಲೆ ಕೆಟ್ಟ ಹಣ್ಣು ಬಂದಾಗ ನನ್ನನ್ನು ಬೈತೀರಿ ಅಂತ ಹೇಳಿದೆ. ಅದು ಅವರಿಗೆ ಹಿಡಿಸಿತು.

ಇದೇ ಕಾರಣಕ್ಕೆ ಇನ್ನೊಂದು ನಿಯಮವನ್ನೂ ನಾನೇ ಬರೆದೆ. ಒಂದು ಎಕರೆ ತೋಟದಲ್ಲಿ ಒಳ್ಳೇ ಕೀಳು ಬಂದರೆ ಸುಮಾರು ನೂರು ಬಾಕ್ಸ್ ಆಗುತ್ತೆ. ಅದರಲ್ಲಿ ಚೆನ್ನಾಗಿರುವ 20 ಬಾಕ್ಸ್ ಆರಿಸಿ ಕಳಿಸುವುದು ಯಾರಿಗೆ ಬೇಕಾದರೂ ಸುಲಭ. ಆದರೆ ಪೈಲಟ್ ಗೆದ್ದು ನಾಲ್ಕೂ ಅಡುಗೆಮನೆಗೆ ಕೊಡಬೇಕಾಗಿ ಬಂದಾಗ ಹಾಗೆ ಆರಿಸೋಕೆ ಹಣ್ಣೇ ಇರಲ್ಲ. ಅದಕ್ಕೆ ಹೀಗೆ ಹಾಕಿದ್ದೆವು: "ತೋಟದ ಒಂದು ಬದಿಯಿಂದ ಸಾಲಾಗಿ ಕಿತ್ತ ಹಣ್ಣನ್ನು ಹಾಗೇ ತುಂಬುತ್ತೇವೆ. ಕೊಳೆತದ್ದು, ಬಿರುಕು ಬಿಟ್ಟದ್ದು, ಕಾಯಿ ಮಾತ್ರ ತೆಗೆಯುತ್ತೇವೆ. ದಪ್ಪ ನೋಡಿ ಆರಿಸುವುದಿಲ್ಲ."

ಇನ್ನು ದುಡ್ಡಿನ ಮಾತು. ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಇಲ್ಲಿಯೇ. ಪೈಲಟ್ ಅಂದ ತಕ್ಷಣ ಎದುರಿನವರು ಕೇಳುವುದು ರಿಯಾಯಿತಿ. ಹಣ್ಣಿನ ಬೆಲೆಯಲ್ಲಿ ಒಂದು ಪೈಸೆಯನ್ನೂ ಬಿಡುವುದಿಲ್ಲ, ಪ್ರಯೋಗ ಅನ್ನುವ ಕಾರಣಕ್ಕೆ ಹೆಚ್ಚಾಗಿ ಬೀಳುವ ಖರ್ಚನ್ನು ಮಾತ್ರ ಇಬ್ಬರೂ ಅರ್ಧರ್ಧ ಹಾಕೋಣ ಅಂದೆ. ಬೆಲೆಯಲ್ಲೇ ರಿಯಾಯಿತಿ ಕೊಟ್ಟರೆ ಎಂಟು ವಾರ ಆದಮೇಲೆ ಈ ವ್ಯವಹಾರ ನಿಜವಾಗಿ ಗಿಟ್ಟುತ್ತಾ ಇಲ್ವಾ ಅಂತ ಇಬ್ಬರಿಗೂ ಗೊತ್ತಾಗಲ್ಲ.

ಹೆಚ್ಚಿನ ಖರ್ಚು ಯಾವುದು ಅಂತ ಬಿಡಿಸಿ ತೋರಿಸಬೇಕಾಯಿತು. ಬೆಂಗಳೂರಿಗೆ ಒಂದು ಸಣ್ಣ ಗೂಡ್ಸ್ ಗಾಡಿಯ ಬಾಡಿಗೆ 3,500 ರೂಪಾಯಿ. ಅದರಲ್ಲಿ 50 ಬಾಕ್ಸ್ ಹೋದರೆ ಬಾಕ್ಸಿಗೆ 70 ಬೀಳುತ್ತೆ. 20 ಬಾಕ್ಸ್ ಮಾತ್ರ ಹಾಕಿದರೆ 175. ಮುಂದೆ ವ್ಯವಹಾರ ದೊಡ್ಡದಾದಾಗ 70 ರೂಪಾಯಿಯೇ ನಿಜವಾದ ಸಾಗಣೆ ಖರ್ಚು, ಅದು ಹಣ್ಣಿನ ದರದಲ್ಲೇ ಸೇರಲಿ. ಉಳಿದ 105 ರೂಪಾಯಿ ಗಾಡಿ ಅರ್ಧ ಖಾಲಿ ಓಡುವುದರ ಬೆಲೆ. 20 ಬಾಕ್ಸಿಗೆ ಅದು 2,100. ಎಂಟು ವಾರಕ್ಕೆ 33,600. ಇದರ ಜೊತೆ, ಅಡುಗೆಮನೆಯಲ್ಲಿ ನಿಂತು ತೂಕ ಹಾಕಿ ಬರೆದುಕೊಳ್ಳುವ ನಮ್ಮ ಹುಡುಗನಿಗೆ ಸಲಕ್ಕೆ 500ರಂತೆ 8,000. ಒಟ್ಟು 41,600, ಅವರ ಪಾಲು 20,800. ಬಾಕ್ಸ್ ಕೊಳ್ಳುವ ಖರ್ಚನ್ನು ಇದರಲ್ಲಿ ಸೇರಿಸಲಿಲ್ಲ. ಪೈಲಟ್ ನಿಂತರೂ ಬಾಕ್ಸ್ ನಮ್ಮ ಹತ್ತಿರವೇ ಉಳಿಯುತ್ತೆ, ಹಾಗಾಗಿ ಅದು ನಮ್ಮದೇ. ಈ ಒಂದು ಸಾಲು ನೋಡಿ ಅವರ ಅಕೌಂಟ್ಸ್ ಮೇಡಂ ಉಳಿದ ಲೆಕ್ಕವನ್ನು ಹೆಚ್ಚು ಕೆದಕಲಿಲ್ಲ.

ಹಣ್ಣಿನ ದರಕ್ಕೆ ಅವರು ಕೇಳಿದ್ದು ಎರಡು ತಿಂಗಳಿಗೂ ಒಂದೇ ಬೆಲೆ. ಟೊಮೆಟೊದಲ್ಲಿ ಅದು ಆಗದ ಮಾತು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಎಲ್ಲರೂ ನೋಡಿದ್ದಾರೆ. ಬೆಲೆ ಬಿದ್ದು ರೈತರು ರಸ್ತೆಗೆ ಸುರಿದದ್ದನ್ನೂ ನೋಡಿದ್ದಾರೆ. ಒಂದೇ ಬೆಲೆ ಇಟ್ಟರೆ, ಮಂಡಿ ಏರಿದಾಗ ನಮ್ಮ ರೈತ ಮಾಲು ಕೊಡಲ್ಲ, ಇಳಿದಾಗ ಅವರು ತಗೊಳ್ಳಲ್ಲ. ಹಾಗಾಗಿ ಹಿಂದಿನ ದಿನ ಸರ್ಕಾರದ ಮಂಡಿ ದರದ ವೆಬ್‌ಸೈಟ್ ಅಗ್‌ಮಾರ್ಕ್‌ನೆಟ್‌ನಲ್ಲಿ ಕಾಣುವ ಕೋಲಾರದ ಮೋಡಲ್ ದರಕ್ಕೆ, ಅಂದರೆ ಆವತ್ತು ಹೆಚ್ಚು ಮಾಲು ಮಾರಾಟವಾದ ದರಕ್ಕೆ, ಸಾಗಣೆಯ 70, ನಮ್ಮ ಕಂಪನಿಯ ಕೆಲಸಕ್ಕೆ 25 ಸೇರಿಸಿದ್ದೇ ಬೆಲೆ ಅಂತ ಮಾಡಿದೆವು. ಅಲ್ಲಿ ದರ ಕ್ವಿಂಟಾಲ್ ಲೆಕ್ಕದಲ್ಲಿ ಇರುತ್ತೆ. 1,600 ಅಂದರೆ ಬಾಕ್ಸಿಗೆ 240. ನಮ್ಮ ಬೆಲೆ 335, ಕೆಜಿಗೆ 22 ರೂಪಾಯಿ 33 ಪೈಸೆ. ಬಾಕ್ಸಿನ ಮಂಡಿ ದರ 120ಕ್ಕಿಂತ ಕೆಳಗೆ ಅಥವಾ 600ಕ್ಕಿಂತ ಮೇಲೆ ಹೋದರೆ ಆ ವಾರ ಫೋನಿನಲ್ಲಿ ಮಾತಾಡಿ ತೀರ್ಮಾನಿಸುವುದು, ಒಪ್ಪಿಗೆ ಆಗದಿದ್ದರೆ ಆ ವಾರ ಬಿಡುವುದು. ದುಡ್ಡು ಏಳು ದಿನದಲ್ಲಿ ಬರಬೇಕು. ಅವರ ಪದ್ಧತಿ 30 ದಿನ. ಇದರ ಮೇಲೆ ಮಾತ್ರ ಸ್ವಲ್ಪ ಜಗ್ಗಾಟ ಆಯಿತು. ಮಂಡಿಯಲ್ಲಿ ಬೇಗ ಕಾಸು ನೋಡುವ ರೈತ ಒಂದು ತಿಂಗಳು ಕಾಯಲ್ಲ ಅಂತ ನಾನು ಪಟ್ಟು ಬಿಡಲಿಲ್ಲ.

ಗೆದ್ದಿತೋ ಸೋತಿತೋ ಅಂತ ಹೇಳುವ ಅಳತೆ ಮೂರೇ ಇಟ್ಟೆವು. ಎಸೆದ ಹಣ್ಣು 100 ಕೆಜಿಗೆ 6 ಕೆಜಿ ಮೀರಬಾರದು. 16 ಸಲದಲ್ಲಿ ಕನಿಷ್ಠ 14 ಸಲ ಗಾಡಿ 7ರೊಳಗೆ ಬಂದಿರಬೇಕು. ಮಂಡಿಯಲ್ಲಿ ಅದೇ ದಿನ ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಕೈಗೆ ಬರುವುದಕ್ಕಿಂತ ರೈತನಿಗೆ ಬಾಕ್ಸಿಗೆ 25 ರೂಪಾಯಿಯಾದರೂ ಜಾಸ್ತಿ ಸಿಗಬೇಕು. ಮೂರನೆಯದು ನಮ್ಮ ಕಡೆಯದು. ಅದನ್ನು ಅವರ ಕಾಗದದಲ್ಲಿ ಯಾಕೆ ಹಾಕ್ತೀರಿ ಅಂತ ಕೇಳಿದರು. ನಮಗೆ ಗಿಟ್ಟದಿದ್ದರೆ ಒಂಬತ್ತನೇ ವಾರ ನಿಮಗೆ ಮಾಲು ಬರಲ್ಲ, ಅದು ನಿಮಗೂ ಈಗಲೇ ಗೊತ್ತಿರಲಿ ಅಂದೆ.

ಎಸೆಯುವ ಹಣ್ಣಿನ ಲೆಕ್ಕಕ್ಕೆ ಹಳೇ ಅಂಕಿ ಬೇಕಿತ್ತು. ಈಗಿನ ವ್ಯಾಪಾರಿಯ ಮಾಲಿನಲ್ಲಿ ಎಷ್ಟು ಹೋಗುತ್ತೆ ಅಂತ ಕೇಳಿದರೆ ಒಬ್ಬರು "ಏನಿಲ್ಲ, ಸ್ವಲ್ಪ" ಅಂದರು, ಇನ್ನೊಬ್ಬರು ಕಾಲು ಭಾಗ ಅಂದರು. ಅದಕ್ಕೆ ಪೈಲಟ್ ಶುರುವಾಗುವ ಮೊದಲು ಎರಡು ವಾರ ಹಳೇ ಮಾಲನ್ನೇ ಅಳೆದೆವು. ಹೆಚ್ಚುವ ಕಡೆ ಒಂದು ಬಕೆಟ್ ಇಟ್ಟು, ಕೆಟ್ಟದ್ದೆಲ್ಲ ಅದಕ್ಕೇ ಹಾಕಿಸಿ, ಕೊನೆಗೆ ತೂಕ. 100 ಕೆಜಿಗೆ ಸರಾಸರಿ 11 ಕೆಜಿ ಬಂತು. ಬಾಕ್ಸಿನ ತಳದಲ್ಲಿದ್ದ ಹಣ್ಣೇ ಹೆಚ್ಚು ಒಡೆದಿತ್ತು. ಆ ವ್ಯಾಪಾರಿ ಕೆಜಿಗೆ 22 ರೂಪಾಯಿಗೆ ಕೊಡುತ್ತಿದ್ದ. ಎಸೆದದ್ದನ್ನು ಕಳೆದರೆ ಪಾತ್ರೆಗೆ ಬೀಳುವ ಹಣ್ಣಿಗೆ 24 ರೂಪಾಯಿ 72 ಪೈಸೆ ಆಗುತ್ತೆ. ನಮ್ಮದು ದರದಲ್ಲಿ 33 ಪೈಸೆ ಜಾಸ್ತಿ, ಆದರೆ 6 ಕೆಜಿ ಎಸೆದರೂ 23 ರೂಪಾಯಿ 76 ಪೈಸೆಗೆ ನಿಲ್ಲುತ್ತೆ. ಪ್ರಸ್ತಾವನೆಯ ಮೊದಲ ಪುಟದಲ್ಲೇ ಈ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಹಾಕಿ ಮತ್ತೊಮ್ಮೆ ಕೊಟ್ಟೆ. ಮಾಲೀಕರು ಸಹಿ ಹಾಕಿದ್ದು ಅದಾದ ಮೇಲೆಯೇ.

ಶುರುವಾದ ಮೇಲೆ ಮೊದಲು ತಕರಾರು ಬಂದದ್ದು ತೂಕದಲ್ಲಿ. ಅವರ ಸ್ಟೋರ್ ನೋಡಿಕೊಳ್ಳುವವರಿಗೆ ಈ ಅಳತೆಯ ಗೊಡವೆಯೇ ಬೇಡವಾಗಿತ್ತು. ಒಂದು ಶುಕ್ರವಾರ ಎಸೆದದ್ದು 14 ಕೆಜಿ ಅಂತ ಬರೆದಿದ್ದರು. ನಮ್ಮ ಹುಡುಗ ಬಕೆಟ್ ತಿರುವಿ ನೋಡಿದರೆ ಒಳಗೆ ಈರುಳ್ಳಿ ಸಿಪ್ಪೆ, ಕೊತ್ತಂಬರಿ ಬೇರು ಎಲ್ಲ ಸೇರಿತ್ತು. ಜಗಳ ಮಾಡಲಿಲ್ಲ. ಟೊಮೆಟೊ ಬಕೆಟಿಗೆ ಕೆಂಪು ಬಣ್ಣ ಬಳಿದು, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕುವ ಪದ್ಧತಿ ಮಾಡಿದೆವು. ಆಮೇಲೆ ಅಂಕಿ ಸರಿಯಾಯಿತು.

ಇನ್ನೊಂದು ಹಣ್ಣಿನ ಬಣ್ಣದ ವಿಷಯ. ಮಂಡಿಗೆ ಕೀಳುವಾಗ ನಮ್ಮವರು ಅರ್ಧ ಬಣ್ಣ ತಿರುಗಿದ ಹಣ್ಣು ಕೀಳುತ್ತಾರೆ, ದೂರ ಹೋಗಬೇಕಲ್ಲ. ಅಡುಗೆಮನೆಗೆ ಬೇಕಾದದ್ದು ಆವತ್ತೇ ಬೇಯಿಸುವ ಕೆಂಪು ಹಣ್ಣು. ಮೊದಲ ವಾರ ಅರ್ಧ ಬಾಕ್ಸ್ ಹಣ್ಣನ್ನು ಮಾರನೇ ದಿನಕ್ಕೆ ಎತ್ತಿಟ್ಟರು. ಕೀಳುವ ಹೆಂಗಸರಿಗೆ ಒಂದು ಕೆಂಪು, ಒಂದು ಅರೆಗೆಂಪು ಹಣ್ಣು ಕೈಯಲ್ಲಿ ಹಿಡಿದು ತೋರಿಸಿ ಹೇಳಿದ ಮೇಲೆ ಇದು ಸರಿಹೋಯಿತು.

ಐದನೇ ವಾರದವರೆಗೆ ಎಸೆದದ್ದು ನಾಲ್ಕೈದು ಕೆಜಿಯ ಆಸುಪಾಸಿನಲ್ಲೇ ಇತ್ತು. ಆರನೇ ವಾರ ಎರಡು ದಿನ ಮಳೆ ಹೊಡೆಯಿತು. ಗಿಡವೂ ಸೋತಿತ್ತು. ಬಿರುಕು ಶುರುವಾಗಿ ಕೊನೆಯ ಎರಡು ವಾರ 9 ಕೆಜಿವರೆಗೆ ಹೋಯಿತು. ಎಂಟೂ ವಾರ ಕೂಡಿಸಿ ಸರಾಸರಿ 6ರೊಳಗೇ ಬಂತು ಅನ್ನಿ, ಆದರೆ ಸರಾಸರಿ ಮಾತ್ರ ತೋರಿಸುವುದು ನನಗೆ ಇಷ್ಟವಿರಲಿಲ್ಲ. ವಾರ ವಾರದ ಪಟ್ಟಿಯನ್ನೇ ಮುಂದಿಟ್ಟೆ. ಮುಂದಿನ ಒಪ್ಪಂದದಲ್ಲಿ ಒಂದೇ ತೋಟದಿಂದ ಐದು ವಾರಕ್ಕಿಂತ ಜಾಸ್ತಿ ಕೊಡುವುದಿಲ್ಲ, ತಿಂಗಳು ಬಿಟ್ಟು ನಾಟಿ ಮಾಡಿದ ಬೇರೆ ತೋಟ ಸಿದ್ಧ ಇಟ್ಟಿರುತ್ತೇವೆ ಅನ್ನುವ ಷರತ್ತು ಈ ಪಟ್ಟಿಯಿಂದಲೇ ಹುಟ್ಟಿತು. ಗಾಡಿ ತಡವಾದದ್ದು ಒಂದೇ ಸಲ. ರೈತನಿಗೆ ಹೆಚ್ಚಿಗೆ ಸಿಕ್ಕಿದ್ದು ಬಾಕ್ಸಿಗೆ 25ರಿಂದ 40ರ ನಡುವೆ. ಬೆಲೆ ಏರಿದ ಒಂದು ವಾರ ಇಬ್ಬರು ರೈತರು ಮಾಲನ್ನು ಮಂಡಿಗೇ ಹಾಕಿದರು, ಅದನ್ನೂ ಪಟ್ಟಿಯಲ್ಲಿ ಬರೆದಿದ್ದೆ.

ಈಗ ಎರಡು ಅಡುಗೆಮನೆಗೆ ಕೊಡುತ್ತಿದ್ದೇವೆ. ಒಂದು ಗಾಡಿಗೆ 45 ಬಾಕ್ಸ್ ಆಗುತ್ತೆ, ಹಾಗಾಗಿ ಖರ್ಚು ಹಂಚಿಕೊಳ್ಳುವ ಮಾತೇ ಇಲ್ಲ. ಕೆಂಪು ಬಕೆಟ್ ಎರಡೂ ಕಡೆ ಇದೆ. ಖರೀದಿ ಮ್ಯಾನೇಜರ್ ಮಾತ್ರ ಪ್ರತಿ ಸಲ ಸಿಕ್ಕಾಗ "ಸಾರ್, ವರ್ಷಕ್ಕೆ ಒಂದೇ ರೇಟ್ ಮಾಡ್ಕೊಳ್ಳೋಣ" ಅಂತ ಶುರು ಮಾಡ್ತಾರೆ. ನಾನು ಮೊಬೈಲ್ ತೆಗೆದು ಆವತ್ತಿನ ಕೋಲಾರದ ದರ ತೋರಿಸ್ತೀನಿ.